ಓವರ್‌ಹೆಡ್ ಯಾವ ಪೀಸಿನ ಮೇಲೆ ಬೀಳಬೇಕು? ಎಸ್‌ಎಪಿಯಲ್ಲಿ ಅಬ್ಸಾರ್ಪ್ಶನ್ ಮತ್ತು ಎಬಿಸಿ, ಹಂತ ಹಂತವಾಗಿ

ಪೀಣ್ಯದ ಒಂದು ಮಷೀನ್ ಶಾಪಿನಲ್ಲಿ ಕಾಸ್ಟಿಂಗ್ ನೋಡಿಕೊಳ್ಳುತ್ತಿದ್ದಾಗ ಒಂದು ಮಧ್ಯಾಹ್ನ ಸುಮ್ನೆ ಶೆಡ್ಡಿಗೆ ಇಳಿದು ಸಿಎನ್‌ಸಿ ಲೇತ್ ಪಕ್ಕ ನಿಂತಿದ್ದೆ. ಸೆಟ್ಟರ್ ಹಳೆಯ ಜಾ ಬಿಚ್ಚಿ ಹೊಸದು ಹಾಕಿ, ಡಯಲ್ ಇಟ್ಟು ರನ್‌ಔಟ್ ನೋಡಿ, ಟೂಲ್ ಆಫ್‌ಸೆಟ್ ಕೊಟ್ಟು, ಮೊದಲ ಪೀಸ್ ತೆಗೆದು ಕ್ವಾಲಿಟಿಯವರ ಹತ್ತಿರ ಓಡಿದರು. ಅದು ಪಾಸಾಗಲಿಲ್ಲ, ಎರಡನೆಯದು ಪಾಸಾಯಿತು. ಇಷ್ಟಕ್ಕೆ ಐದು ಗಂಟೆ ಹಿಡಿಯಿತು. ಆಮೇಲೆ ಆ ಮಷೀನಿನಲ್ಲಿ ಓಡಿದ್ದು ಬರೀ ಹತ್ತು ಕಪ್ಲಿಂಗ್. "ಸಾರ್, ಪೀಸ್ ಹತ್ತೇ ಇರ್ಬೋದು, ಸೆಟ್ಟಿಂಗ್ ಮಾತ್ರ ಸಾವಿರ ಪೀಸಿಂದೇ" ಅಂದರು ಅವರು. ನಾನು ಮೇಲೆ ಬಂದು ಸಿಸ್ಟಮ್‌ನಲ್ಲಿ ನೋಡಿದರೆ ಆ ಕಪ್ಲಿಂಗ್ ಮೇಲೆ ಮಷೀನ್ ಗಂಟೆಗೆ ತಕ್ಕಷ್ಟು ಓವರ್‌ಹೆಡ್ ಮಾತ್ರ ಬಿದ್ದಿತ್ತು, ಆ ಐದು ಗಂಟೆಯ ಸುಳಿವೇ ಇರಲಿಲ್ಲ.

ಈ ಬರಹ ಆ ಐದು ಗಂಟೆಯನ್ನು ಸರಿಯಾದ ಪೀಸಿನ ಮೇಲೆ ಹಾಕುವುದು ಹೇಗೆ ಅನ್ನುವುದರ ಬಗ್ಗೆ. ಎಸ್‌ಎಪಿ ಇಟ್ಟುಕೊಂಡು ಹೇಳುತ್ತೇನೆ, ಯಾಕಂದರೆ ನಾನು ದಿನಾ ಬಳಸುವುದು ಅದೇ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಎಬಿಸಿ, ಅಂದರೆ ಪ್ರತಿ ಖರ್ಚನ್ನು ಅದಕ್ಕೆ ಕಾರಣವಾದ ಕೆಲಸದ ಮೂಲಕ ಮಾಲಿನ ಮೇಲೆ ಹಾಕುವ ಆಕ್ಟಿವಿಟಿ ಬೇಸ್ಡ್ ಕಾಸ್ಟಿಂಗ್, ಮಾಡೋಕೆ ಹೊಸ ಸಾಫ್ಟ್‌ವೇರ್ ಬೇಡ, ನಲವತ್ತು ಆಕ್ಟಿವಿಟಿಗಳ ಪಟ್ಟಿಯೂ ಬೇಡ. ಸೆಟ್ಟಿಂಗ್, ಇನ್‌ಸ್ಪೆಕ್ಷನ್, ಸಾಮಾನು ಸಾಗಣೆ, ಈ ಮೂರನ್ನು ಮಷೀನ್ ರೇಟ್‌ನಿಂದ ಹೊರಗೆ ತೆಗೆದು, ಒಂದೇ ಸೆಟ್ಟಿಂಗ್‌ನಲ್ಲಿ ಒಟ್ಟಿಗೆ ಓಡುವ ಪೀಸುಗಳ ಲಾಟ್‌ಗೆ ಕಟ್ಟಿದರೆ ಮುಕ್ಕಾಲು ಪಾಲು ಕೆಲಸ ಆದಂತೆ.

## ಮೊದಲು ಕಾಗದದ ಮೇಲೆ

ಸಿಸ್ಟಮ್ ತೆರೆಯುವ ಮೊದಲು ಲೆಕ್ಕ ಕಾಗದದ ಮೇಲೆ ಕೂರಬೇಕು. ಸುಲಭವಾಗಲಿ ಅಂತ ಅಂಕಿಗಳನ್ನು ದುಂಡು ಮಾಡಿ ಒಂದು ಉದಾಹರಣೆ ತೆಗೆದುಕೊಂಡಿದ್ದೇನೆ. ಕಾರ್ಖಾನೆಯಲ್ಲಿ ಮೂರು ಬಗೆಯ ಮಾಲು. ಪಂಪ್ ಶಾಫ್ಟ್ ವರ್ಷಕ್ಕೆ 60,000 ಪೀಸ್, ಒಂದಕ್ಕೆ 0.2 ಮಷೀನ್ ಗಂಟೆ. ವಾಲ್ವ್ ಬಾಡಿ 12,000 ಪೀಸ್, ಒಂದಕ್ಕೆ ಅರ್ಧ ಗಂಟೆ. ಸ್ಪೆಷಲ್ ಕಪ್ಲಿಂಗ್ 2,000 ಪೀಸ್, ಒಂದಕ್ಕೆ ಒಂದು ಗಂಟೆ. ಒಟ್ಟು 20,000 ಮಷೀನ್ ಗಂಟೆ. ವರ್ಷದ ಫ್ಯಾಕ್ಟರಿ ಓವರ್‌ಹೆಡ್ 1.2 ಕೋಟಿ ರೂಪಾಯಿ.

ಹಳೆಯ ಪದ್ಧತಿಯಾದ ಅಬ್ಸಾರ್ಪ್ಶನ್‌ನಲ್ಲಿ 1.2 ಕೋಟಿಯನ್ನು 20,000ದಿಂದ ಭಾಗಿಸಿದರೆ ಗಂಟೆಗೆ 600 ರೂಪಾಯಿ. ಶಾಫ್ಟ್‌ಗೆ 120, ವಾಲ್ವ್ ಬಾಡಿಗೆ 300, ಕಪ್ಲಿಂಗ್‌ಗೆ 600. ಮೂರು ನಿಮಿಷದ ಕೆಲಸ. ಒಂದೇ ಥರದ ಮಾಲು ಮಾಡುವ ಕಾರ್ಖಾನೆಯಾದರೆ ಇಷ್ಟೇ ಸಾಕು, ಮುಂದೆ ಓದುವ ಅಗತ್ಯವೂ ಇಲ್ಲ.

ಆದರೆ ಆ 1.2 ಕೋಟಿಯನ್ನು ಬಿಡಿಸಿ ನೋಡಿ. ಮಷೀನ್ ಓಡಿಸುವ ಖರ್ಚು, ಅಂದರೆ ಕರೆಂಟು, ಡಿಪ್ರಿಸಿಯೇಶನ್, ಮೇಂಟೆನೆನ್ಸ್, ಶಾಪ್ ಸೂಪರ್‌ವೈಸರ್ ಸಂಬಳ, ಎಲ್ಲಾ ಸೇರಿ 70 ಲಕ್ಷ. ಸೆಟ್ಟಿಂಗ್ ಖರ್ಚು 24 ಲಕ್ಷ. ಇದರಲ್ಲಿ ಸೆಟ್ಟರ್‌ಗಳ ಸಂಬಳದ ಜೊತೆಗೆ ಟ್ರಯಲ್ ಪೀಸ್‌ಗಳೂ, ಸೆಟ್ಟಿಂಗ್ ಆಗುವಾಗ ಸುಮ್ನೆ ನಿಂತ ಮಷೀನಿನ ಡಿಪ್ರಿಸಿಯೇಶನ್ ಪಾಲೂ ಇದೆ. ಇನ್‌ಸ್ಪೆಕ್ಷನ್ 14 ಲಕ್ಷ. ಸ್ಟೋರ್ಸ್ ಮತ್ತು ಸಾಗಣೆ 12 ಲಕ್ಷ. ಈಗ ಕೇಳಬೇಕಾದ ಪ್ರಶ್ನೆ ಒಂದೇ: ಈ ಪ್ರತಿಯೊಂದು ಗಂಟು ಯಾವುದು ಜಾಸ್ತಿಯಾದರೆ ಜಾಸ್ತಿಯಾಗುತ್ತದೆ? ಮಷೀನ್ ಖರ್ಚು ಓಡುವ ಗಂಟೆಯ ಜೊತೆ ಏರುತ್ತದೆ. ಸೆಟ್ಟಿಂಗ್ ಖರ್ಚಿಗೆ ಪೀಸ್ ಎಷ್ಟು ಅನ್ನುವುದು ಲೆಕ್ಕಕ್ಕೇ ಇಲ್ಲ, ಲಾಟ್ ಎಷ್ಟು ಅನ್ನುವುದೇ ಎಲ್ಲಾ.

ಶಾಫ್ಟ್ 1,200ರ ಲಾಟ್‌ನಲ್ಲಿ ಓಡುತ್ತದೆ, ವರ್ಷಕ್ಕೆ 50 ಲಾಟ್. ವಾಲ್ವ್ ಬಾಡಿ 150ರ ಲಾಟ್, 80 ಸಲ. ಕಪ್ಲಿಂಗ್ ಹತ್ತರ ಲಾಟ್, 200 ಸಲ. ಒಂದು ಲಾಟ್‌ನ ಸೆಟ್ಟಿಂಗ್‌ಗೆ ಶಾಫ್ಟ್‌ನಲ್ಲಿ 4 ಗಂಟೆ, ಉಳಿದೆರಡರಲ್ಲಿ 5 ಗಂಟೆ. ಅಂದರೆ ವರ್ಷಕ್ಕೆ 200, 400, 1,000 ಗಂಟೆ, ಒಟ್ಟು 1,600. ಇಡೀ ಕಾರ್ಖಾನೆಯ ಪೀಸ್‌ಗಳಲ್ಲಿ ಶೇಕಡಾ ಮೂರಕ್ಕಿಂತ ಕಡಿಮೆ ಇರುವ ಕಪ್ಲಿಂಗ್, ಸೆಟ್ಟರ್‌ಗಳ ಸಮಯದಲ್ಲಿ ಶೇಕಡಾ 60ಕ್ಕಿಂತ ಜಾಸ್ತಿ ತಿನ್ನುತ್ತಿದೆ.

24 ಲಕ್ಷವನ್ನು 1,600ರಿಂದ ಭಾಗಿಸಿದರೆ ಸೆಟ್ಟಿಂಗ್ ಗಂಟೆಗೆ 1,500 ರೂಪಾಯಿ. ಇನ್‌ಸ್ಪೆಕ್ಷನ್ ಲಾಟ್‌ಗೆ 8, 10, 4 ಗಂಟೆಯಂತೆ ಒಟ್ಟು 2,000 ಗಂಟೆ, ಗಂಟೆಗೆ 700. ಸಾಗಣೆ ಲಾಟ್‌ಗೆ 4, 5, 3 ಸಲದಂತೆ ಒಟ್ಟು 1,200 ಸಲ, ಒಂದಕ್ಕೆ 1,000. ಮಷೀನ್ ಓಟ ಗಂಟೆಗೆ 350. ಇದನ್ನೆಲ್ಲ ಪೀಸಿಗೆ ಇಳಿಸಿದರೆ ಹೀಗಾಗುತ್ತದೆ:

| ಪೀಸಿಗೆ ರೂಪಾಯಿ | ಶಾಫ್ಟ್ | ವಾಲ್ವ್ ಬಾಡಿ | ಕಪ್ಲಿಂಗ್ |
|---|---|---|---|
| ಮಷೀನ್ ಓಟ | 70.00 | 175.00 | 350 |
| ಸೆಟ್ಟಿಂಗ್ | 5.00 | 50.00 | 750 |
| ಇನ್‌ಸ್ಪೆಕ್ಷನ್ | 4.67 | 46.67 | 280 |
| ಸಾಗಣೆ | 3.33 | 33.33 | 300 |
| ಒಟ್ಟು | 83 | 305 | 1,680 |
| ಹಳೆಯ ಲೆಕ್ಕದಲ್ಲಿ | 120 | 300 | 600 |

ಪೀಸುಗಳಿಂದ ಗುಣಿಸಿ ನೋಡಿ: 49.8 ಲಕ್ಷ, 36.6 ಲಕ್ಷ, 33.6 ಲಕ್ಷ, ಕೂಡಿದರೆ ಅದೇ 1.2 ಕೋಟಿ. ಖರ್ಚು ಒಂದು ರೂಪಾಯಿ ಕೂಡ ಹೆಚ್ಚಾಗಿಲ್ಲ, ಕಡಿಮೆಯಾಗಿಲ್ಲ, ಜಾಗ ಬದಲಾಗಿದೆ ಅಷ್ಟೇ. ಈ ತಾಳೆ ನೋಡದೆ ಮುಂದೆ ಹೋಗಬೇಡಿ. ವಾಲ್ವ್ ಬಾಡಿಯನ್ನೂ ಗಮನಿಸಿ, ಅದರ ಖರ್ಚು ಹೆಚ್ಚುಕಡಿಮೆ ಅಲ್ಲೇ ಇದೆ. ಎಬಿಸಿ ಮಾಡಿದರೆ ಎಲ್ಲಾ ಮಾಲಿನ ಖರ್ಚೂ ಅಡಿಮೇಲಾಗುತ್ತದೆ ಅಂತ ಕೆಲವರು ಅಂದುಕೊಂಡಿರುತ್ತಾರೆ, ಹಾಗೇನಿಲ್ಲ. ತುಂಬಾ ದೊಡ್ಡ ಲಾಟ್ ಮತ್ತು ತುಂಬಾ ಚಿಕ್ಕ ಲಾಟ್, ಈ ಎರಡು ತುದಿಗಳಲ್ಲಿ ಮಾತ್ರ ದೊಡ್ಡ ವ್ಯತ್ಯಾಸ ಕಾಣುತ್ತದೆ.

ಗಂಟೆಗಳನ್ನು ಎಲ್ಲಿಂದ ತರುವುದು? ಆಫೀಸಿನಲ್ಲಿ ಕೂತು ಕೇಳಬೇಡಿ. ಎರಡು ವಾರ ಸೆಟ್ಟರ್ ಕೈಗೆ ಒಂದು ನೋಟ್‌ಬುಕ್ ಕೊಡಿ, ಹಿಂದಿನ ಲಾಟ್‌ನ ಕೊನೆ ಪೀಸ್ ಮುಗಿದ ಸಮಯ ಮತ್ತು ಹೊಸ ಲಾಟ್‌ನ ಮೊದಲ ಒಳ್ಳೆ ಪೀಸ್ ಬಂದ ಸಮಯ, ಎರಡೇ ಬರೆಯಲಿ. ರೌಟಿಂಗ್‌ನಲ್ಲಿ, ಅಂದರೆ ಒಂದು ಮಾಲು ಮಾಡುವ ಹಂತಗಳ ಪಟ್ಟಿಯಲ್ಲಿ, ಈಗಾಗಲೇ ಇರುವ ಸೆಟ್ಟಪ್ ಟೈಮ್ ಎಷ್ಟೋ ವರ್ಷದ ಹಿಂದೆ ಯಾರೋ ಅಂದಾಜಿಗೆ ಹಾಕಿದ್ದಿರುತ್ತದೆ. ನಾನು ನೋಡಿದ ಹೆಚ್ಚಿನ ಕಡೆ ಅದು ನಿಜಕ್ಕಿಂತ ಕಡಿಮೆಯೇ ಇತ್ತು.

## ಯಾವುದು ಒಳಗೆ, ಯಾವುದು ಹೊರಗೆ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಸ್ಟಾಕ್ ಮೌಲ್ಯಕ್ಕೆ ಸೇರುವುದು ಪ್ರೊಡಕ್ಷನ್ ಓವರ್‌ಹೆಡ್ ಮಾತ್ರ. ಮಾರಾಟದ ಖರ್ಚು, ಹೆಡ್ ಆಫೀಸ್ ಖರ್ಚು, ತಯಾರಾದ ಮಾಲಿನ ಗೋಡೌನ್ ಬಾಡಿಗೆ, ವಿಪರೀತ ಸ್ಕ್ರ್ಯಾಪ್, ಇವು ಸ್ಟಾಕ್ ಮೌಲ್ಯದ ಅಕೌಂಟಿಂಗ್ ನಿಯಮವಾದ ಇಂಡ್ ಎಎಸ್ 2ರ ಪ್ರಕಾರ ಸ್ಟಾಕ್‌ಗೆ ಹೋಗುವಂತಿಲ್ಲ. ಹಾಗಾಗಿ ಸ್ಟೋರ್ಸ್‌ನ ಕಾಸ್ಟ್ ಸೆಂಟರ್ ಒಂದೇ ಇದ್ದರೆ ಅದನ್ನು ಎರಡು ಮಾಡಿ: ಕಚ್ಚಾ ಸಾಮಾನು ಮತ್ತು ಶಾಪ್ ಒಳಗಿನ ಸಾಗಣೆ ಒಂದು, ತಯಾರಾದ ಮಾಲಿನ ಗೋಡೌನ್ ಇನ್ನೊಂದು. ನಮ್ಮ ಉದಾಹರಣೆಯ 12 ಲಕ್ಷ ಮೊದಲನೆಯದು ಮಾತ್ರ. ಗೋಡೌನ್ ಖರ್ಚನ್ನು ಬೆಲೆ ಕೊಡುವಾಗ ಖಂಡಿತ ನೋಡಬೇಕು, ಸ್ಟಾಕ್‌ಗೆ ಮಾತ್ರ ಹಾಕಬಾರದು.

## ಎಸ್‌ಎಪಿಯಲ್ಲಿ ಕಟ್ಟುವುದು

ಕಾಸ್ಟ್ ಸೆಂಟರ್‌ಗಳು `KS01`ರಲ್ಲಿ. ನಮಗೆ ಬೇಕಾಗಿರುವುದು ಮಷೀನ್ ಶಾಪ್, ಸೆಟ್ಟಿಂಗ್, ಕ್ವಾಲಿಟಿ, ಸ್ಟೋರ್ಸ್. ಒಂದು ತೊಡಕು ಇದೆ. ಒಂದು ವರ್ಕ್ ಸೆಂಟರ್ ಒಂದೇ ಕಾಸ್ಟ್ ಸೆಂಟರ್‌ಗೆ ಸೇರುತ್ತದೆ, ಅದರಲ್ಲಿ ಬಳಸುವ ಆಕ್ಟಿವಿಟಿ ಟೈಪ್‌ಗಳೂ ಅದೇ ಕಾಸ್ಟ್ ಸೆಂಟರ್‌ನವೇ ಆಗಿರಬೇಕು. ಹಾಗಾಗಿ ಸೆಟ್ಟಿಂಗ್‌ಗೆ ಬೇರೆ ಕಾಸ್ಟ್ ಸೆಂಟರ್ ಇಟ್ಟರೆ ರೌಟಿಂಗ್‌ನಲ್ಲಿ ಅದಕ್ಕೆ ಬೇರೆ ಆಪರೇಶನ್ ಬೇಕಾಗುತ್ತದೆ. ನನಗೆ ಅದೇ ಇಷ್ಟ. ಒಂದೇ ಕಾಸ್ಟ್ ಸೆಂಟರ್‌ನಲ್ಲಿ ಎರಡು ಆಕ್ಟಿವಿಟಿ ಟೈಪ್ ಇಟ್ಟು `KSS2`ರಲ್ಲಿ ಖರ್ಚನ್ನು ಸೀಳಬಹುದು, ಆದರೆ ಆಮೇಲೆ ಯಾರಾದರೂ ಬಂದು ಈ ತಿಂಗಳು ಸೆಟ್ಟಿಂಗ್ ಖರ್ಚು ಯಾಕೆ ಏರಿತು ಅಂತ ಕೇಳಿದರೆ ಉತ್ತರ ಹುಡುಕುವುದು ಕಷ್ಟ.

ಆಕ್ಟಿವಿಟಿ ಟೈಪ್ `KL01`ರಲ್ಲಿ. ಮಷೀನ್ ಓಟಕ್ಕೆ ಒಂದು, ಸೆಟ್ಟಿಂಗ್‌ಗೆ ಒಂದು, ಇನ್‌ಸ್ಪೆಕ್ಷನ್‌ಗೆ ಒಂದು. ಪ್ರತಿಯೊಂದಕ್ಕೂ ಬೇರೆ ಬೇರೆ ಸೆಕೆಂಡರಿ ಕಾಸ್ಟ್ ಎಲಿಮೆಂಟ್ ಕೊಡಿ, ಕೆಟಗರಿ 43. ಮೂರಕ್ಕೂ ಒಂದನ್ನೇ ಕೊಟ್ಟರೆ ಇಷ್ಟು ಕಷ್ಟಪಟ್ಟು ಬಿಡಿಸಿದ್ದು ಪ್ರೊಡಕ್ಷನ್ ಆರ್ಡರ್ ಮೇಲೆ ಮತ್ತೆ ಒಂದೇ ಸಾಲಾಗಿ ಕಾಣುತ್ತದೆ, ಪ್ರಯೋಜನ ಏನು?

ಇನ್ನು `KP06`ರಲ್ಲಿ ಪ್ರತಿ ಕಾಸ್ಟ್ ಸೆಂಟರ್‌ನ ವರ್ಷದ ಖರ್ಚಿನ ಪ್ಲ್ಯಾನ್ ಹಾಕಿ, ಫಿಕ್ಸೆಡ್ ಮತ್ತು ವೇರಿಯಬಲ್ ಬೇರೆ ಬೇರೆಯಾಗಿ. ಮಷೀನ್ ಶಾಪಿನ 70 ಲಕ್ಷದಲ್ಲಿ 50 ಲಕ್ಷ ಫಿಕ್ಸೆಡ್, 20 ಲಕ್ಷ ವೇರಿಯಬಲ್ ಅಂತ ಇಟ್ಟುಕೊಳ್ಳೋಣ. ಆಮೇಲೆ `KP26`. ಇಲ್ಲಿ ನಿಧಾನಿಸಿ, ಈ ಪರದೆಯಲ್ಲೇ ಅರ್ಧ ಕಾರ್ಖಾನೆಗಳು ಎಡವುತ್ತವೆ.

`KP26`ರಲ್ಲಿ ಪ್ಲ್ಯಾನ್ ಆಕ್ಟಿವಿಟಿ ಅಂತ ಒಂದು ಕಾಲಂ, ಕೆಪಾಸಿಟಿ ಅಂತ ಇನ್ನೊಂದು. ಮೊದಲನೆಯದು ಈ ವರ್ಷ ಎಷ್ಟು ಗಂಟೆ ಓಡಿಸುತ್ತೇವೆ ಅನ್ನುವ ಅಂದಾಜು. ಎರಡನೆಯದರಲ್ಲಿ ಬರಬೇಕಾದದ್ದು ನಾರ್ಮಲ್ ಕೆಪಾಸಿಟಿ, ಅಂದರೆ ಯೋಜಿತ ಮೇಂಟೆನೆನ್ಸ್ ಕಳೆದು ಕೆಲವು ವರ್ಷಗಳ ಸರಾಸರಿಯಲ್ಲಿ ಸಾಧಿಸಬಹುದಾದ ಗಂಟೆ. ಪಕ್ಕದಲ್ಲಿ ಪ್ರೈಸ್ ಇಂಡಿಕೇಟರ್. ಅದು 1 ಇದ್ದರೆ ಸಿಸ್ಟಮ್ ಪ್ಲ್ಯಾನ್ ಆಕ್ಟಿವಿಟಿಯಿಂದ ಭಾಗಿಸಿ ರೇಟ್ ಹಾಕುತ್ತದೆ, 2 ಇದ್ದರೆ ಫಿಕ್ಸೆಡ್ ಭಾಗವನ್ನು ಕೆಪಾಸಿಟಿಯಿಂದ ಭಾಗಿಸುತ್ತದೆ, 3 ಅಂದರೆ ನೀವೇ ಕೈಯಿಂದ ಹಾಕಿದ್ದು. ಫಿಕ್ಸೆಡ್ ಓವರ್‌ಹೆಡ್ ನಾರ್ಮಲ್ ಕೆಪಾಸಿಟಿಯ ಮೇಲೆಯೇ ಹಂಚಬೇಕು ಅಂತ ಇಂಡ್ ಎಎಸ್ 2 ಹೇಳುತ್ತದೆ, ಹಾಗಾಗಿ ನಾನು 2 ಇಡುತ್ತೇನೆ. ಆಮೇಲೆ `KSPI` ಓಡಿಸಿದರೆ ರೇಟ್ ಬರುತ್ತದೆ: ಫಿಕ್ಸೆಡ್ 250, ವೇರಿಯಬಲ್ 100, ಒಟ್ಟು 350. `KSBT`ಯಲ್ಲಿ ನೋಡಿ ನಿಮ್ಮ ಕಾಗದದ ಲೆಕ್ಕಕ್ಕೆ ತಾಳೆ ಹಾಕಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಇಂಡಿಕೇಟರ್ 1 ಇಟ್ಟ ಕಾರ್ಖಾನೆಯಲ್ಲಿ ಆರ್ಡರ್ ಕಡಿಮೆಯಾದ ವರ್ಷ ಪ್ಲ್ಯಾನ್ 16,000 ಗಂಟೆಗೆ ಇಳಿಯುತ್ತದೆ, ಫಿಕ್ಸೆಡ್ ರೇಟ್ 250ರಿಂದ 312.50ಕ್ಕೆ ಏರುತ್ತದೆ. ಮಾರ್ಕೆಟಿಂಗ್‌ನವರು ಹೊಸ ಖರ್ಚು ನೋಡಿ ಬೆಲೆ ಏರಿಸುತ್ತಾರೆ. ಆರ್ಡರ್ ಇನ್ನೂ ಕಡಿಮೆಯಾಗುತ್ತದೆ, ಮುಂದಿನ ವರ್ಷ ರೇಟ್ ಮತ್ತೂ ಮೇಲೆ. ಮಷೀನ್ ಖಾಲಿ ನಿಂತ ಖರ್ಚನ್ನು ಬಂದ ಆರ್ಡರ್‌ಗಳ ಮೇಲೆ ಹಾಕಿದ್ದೇ ಇದಕ್ಕೆ ಕಾರಣ.

## ರೌಟಿಂಗ್ ಮತ್ತು ಆ ಒಂದು ಫೀಲ್ಡ್

ವರ್ಕ್ ಸೆಂಟರ್ `CR01`ರಲ್ಲಿ ಕಾಸ್ಟಿಂಗ್ ಟ್ಯಾಬ್‌ಗೆ ಹೋಗಿ ಕಾಸ್ಟ್ ಸೆಂಟರ್, ಆಕ್ಟಿವಿಟಿ ಟೈಪ್, ಸೂತ್ರ ಜೋಡಿಸಬೇಕು. ಸೆಟ್ಟಿಂಗ್‌ನ ಸಾಲಿಗೆ `SAP005`, ಮಷೀನ್‌ಗೆ `SAP006`. ವ್ಯತ್ಯಾಸ ಏನೆಂದರೆ ಎರಡನೆಯದು ಪೀಸಿನ ಸಂಖ್ಯೆಯಿಂದ ಗುಣಿಸುತ್ತದೆ, ಮೊದಲನೆಯದು ಗುಣಿಸುವುದಿಲ್ಲ:

```
setup   = standard setup time
machine = machine time x order qty / base qty
```

ನಿಮ್ಮಲ್ಲಿ ಯಾರೋ ಸ್ವಂತ ಸೂತ್ರ ಬರೆದಿಟ್ಟಿದ್ದರೆ ಸೆಟ್ಟಿಂಗ್‌ನ ಸೂತ್ರದೊಳಗೆ ಪೀಸಿನ ಸಂಖ್ಯೆ ನುಸುಳಿದೆಯೇ ನೋಡಿ. ನುಸುಳಿದ್ದರೆ ಲಾಟ್ ದೊಡ್ಡದಾದಷ್ಟೂ ಸೆಟ್ಟಿಂಗ್ ಖರ್ಚು ಏರುತ್ತದೆ, ಅಲ್ಲಿಗೆ ಎಬಿಸಿಯ ಉದ್ದೇಶವೇ ಹೋಯಿತು. ಇನ್‌ಸ್ಪೆಕ್ಷನ್‌ಗೆ ಕ್ವಾಲಿಟಿ ಕಾಸ್ಟ್ ಸೆಂಟರ್‌ನ ಅಡಿಯಲ್ಲಿ ಒಂದು ವರ್ಕ್ ಸೆಂಟರ್ ಮಾಡಿ, `CA02`ರಲ್ಲಿ ರೌಟಿಂಗ್‌ನ ಕೊನೆಗೆ ಒಂದು ಆಪರೇಶನ್ ಸೇರಿಸಿ, ಲಾಟ್‌ಗೆ ಇಷ್ಟು ಗಂಟೆ ಅಂತ ಅದನ್ನೂ ಸೆಟ್ಟಪ್ ಜಾಗದಲ್ಲೇ ಹಾಕಿ.

ಸಾಗಣೆ ಇಲ್ಲಿ ಕೂರುವುದಿಲ್ಲ. `SAP1` ಕೀಯಲ್ಲಿರುವ ಮೌಲ್ಯಗಳು ಸಮಯದ್ದೇ ಆಗಿರಬೇಕು, ಸಾಗಣೆಯನ್ನೋ ನಾವು ಸಲದಲ್ಲಿ ಎಣಿಸುತ್ತಿದ್ದೇವೆ. ಇದಕ್ಕೆ ಎಸ್‌ಎಪಿಯ ನಿಜವಾದ ಎಬಿಸಿ ಭಾಗ ಬೇಕು: `CP01`ರಲ್ಲಿ ಒಂದು ಬಿಸಿನೆಸ್ ಪ್ರಾಸೆಸ್, ಸ್ಟೋರ್ಸ್‌ನಿಂದ ಅದಕ್ಕೆ ಅಸೆಸ್‌ಮೆಂಟ್ ಸೈಕಲ್, `CPT1`ರಲ್ಲಿ ಒಂದು ಟೆಂಪ್ಲೇಟ್. ಟೆಂಪ್ಲೇಟ್ ಒಳಗೆ ಕಪ್ಲಿಂಗ್‌ನ ಒಂದು ಆರ್ಡರ್‌ಗೆ 3 ಸಲ, ವಾಲ್ವ್ ಬಾಡಿಗೆ 5 ಸಲ ಅನ್ನುವ ನಿಯಮ ಬರೆಯುತ್ತೀರಿ. ಆಮೇಲೆ ಟೆಂಪ್ಲೇಟನ್ನು `KTPF`ನಲ್ಲಿ ಕಾಸ್ಟಿಂಗ್ ಶೀಟ್ ಮತ್ತು ಓವರ್‌ಹೆಡ್ ಕೀಗೆ ಜೋಡಿಸಬೇಕು. ಕನ್ಸಲ್ಟೆಂಟ್ ಸಹಾಯ ಬೇಕಾಗುವ ಭಾಗ ಇದೊಂದೇ. ನನ್ನ ಸಲಹೆ, ಮೊದಲ ವರ್ಷ ಸೆಟ್ಟಿಂಗ್ ಮತ್ತು ಇನ್‌ಸ್ಪೆಕ್ಷನ್ ಮಾತ್ರ ಬೇರೆ ಮಾಡಿ, ಸಾಗಣೆ ಮಷೀನ್ ರೇಟ್‌ನಲ್ಲೇ ಇರಲಿ. ಕಪ್ಲಿಂಗ್ 1,680ರ ಬದಲು 1,440 ಅಂತ ಕಾಣುತ್ತದೆ, 600ಕ್ಕೆ ಹೋಲಿಸಿದರೆ ಅದು ಎಷ್ಟೋ ಹತ್ತಿರ.

ಈಗ ಆ ಫೀಲ್ಡ್. ಮೆಟೀರಿಯಲ್ ಮಾಸ್ಟರ್‌ನ Costing 1 ನೋಟದಲ್ಲಿ Costing Lot Size ಅಂತ ಒಂದಿದೆ. `CK11N`ರಲ್ಲಿ ಸ್ಟ್ಯಾಂಡರ್ಡ್ ಖರ್ಚು ಹಾಕುವಾಗ ಸಿಸ್ಟಮ್ ಸೆಟ್ಟಿಂಗ್‌ನ 7,500 ರೂಪಾಯಿಯನ್ನು ಭಾಗಿಸುವುದು ಇದರಿಂದ. ಕಪ್ಲಿಂಗ್‌ಗೆ ಅದು 10 ಇದ್ದರೆ ಪೀಸಿಗೆ 750. ಯಾರೋ ಹಳೆಯ ಮೆಟೀರಿಯಲ್ ಕಾಪಿ ಮಾಡಿ 100 ಬಿಟ್ಟಿದ್ದರೆ ಪೀಸಿಗೆ 75. ರೌಟಿಂಗ್ ಸರಿ, ರೇಟ್ ಸರಿ, ಕಾಸ್ಟ್ ಸೆಂಟರ್ ಸರಿ, ಆದರೂ ಉತ್ತರ ಹತ್ತು ಪಟ್ಟು ತಪ್ಪು.

ನಾನು ಹಿಂದೆ ಇದ್ದ ಒಂದು ಕಾರ್ಖಾನೆಯಲ್ಲಿ ಇದೇ ಆಗಿತ್ತು. ಎಬಿಸಿ ಪ್ರಾಜೆಕ್ಟ್ ಮುಗಿಯಿತು ಅಂತ ಎಲ್ಲರೂ ಸಂತೋಷಪಟ್ಟರು, ಸಣ್ಣ ಲಾಟ್‌ನ ಮಾಲಿನ ಖರ್ಚು ಮಾತ್ರ ಅಲುಗಾಡಲೇ ಇಲ್ಲ. ಮೂರು ತಿಂಗಳು ಬಿಟ್ಟು ವೇರಿಯನ್ಸ್ ರಿಪೋರ್ಟ್ ನೋಡುವಾಗ ಸಿಕ್ಕಿತು. ನಮ್ಮ ಉದಾಹರಣೆಯ ಅಂಕಿಯಲ್ಲಿ ಹೇಳುವುದಾದರೆ, ಪ್ರತಿ ಲಾಟ್‌ಗೆ ಸೆಟ್ಟಿಂಗ್ ಅಂತ ಆರ್ಡರ್ ಮೇಲೆ ಬೀಳುವುದು 7,500, ಹತ್ತು ಪೀಸ್ ಸ್ಟಾಕ್‌ಗೆ ಹೋದಾಗ ಕ್ರೆಡಿಟ್ ಬರುವುದು 750. ಉಳಿದ 6,750 ವೇರಿಯನ್ಸ್. 200 ಲಾಟ್‌ಗೆ 13.5 ಲಕ್ಷ. `KKS1` ಇದನ್ನು ಲಾಟ್ ಸೈಜ್ ವೇರಿಯನ್ಸ್ ಅಂತ ಬೇರೆಯಾಗಿಯೇ ತೋರಿಸುತ್ತದೆ, ನಾವು ನೋಡಿರಲಿಲ್ಲ. ಹಾಗಾಗಿ `CK40N` ಓಡಿಸಿ `CK24`ರಲ್ಲಿ ಬೆಲೆ ಬಿಡುಗಡೆ ಮಾಡುವ ಮೊದಲು ಒಂದು ಕೆಲಸ ಮಾಡಿ: ಎಲ್ಲಾ ಮೆಟೀರಿಯಲ್‌ಗಳ Costing Lot Size ಒಂದು ಕಾಲಂನಲ್ಲಿ, ಕಳೆದ ವರ್ಷದ ಪ್ರೊಡಕ್ಷನ್ ಆರ್ಡರ್‌ಗಳ ಸರಾಸರಿ ಪೀಸ್ ಪಕ್ಕದ ಕಾಲಂನಲ್ಲಿ ಇಳಿಸಿಕೊಂಡು, ಒಂದೂವರೆ ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ ಇರುವುದನ್ನೆಲ್ಲ ತಿದ್ದಿ.

ಇನ್ನೊಂದು ಪರೀಕ್ಷೆಯೂ `CK11N`ರಲ್ಲೇ. ಐಟಮೈಸೇಶನ್ ತೆರೆದು E ಸಾಲುಗಳು ಮತ್ತು G ಸಾಲುಗಳನ್ನು ನೋಡಿ. E ಅಂದರೆ ಆಕ್ಟಿವಿಟಿ, G ಅಂದರೆ ಕಾಸ್ಟಿಂಗ್ ಶೀಟ್‌ನಿಂದ ಬಂದ ಶೇಕಡಾವಾರು ಓವರ್‌ಹೆಡ್. ಹಳೆಯ ಕಾಸ್ಟಿಂಗ್ ಶೀಟ್‌ನಲ್ಲಿ ಕ್ವಾಲಿಟಿಗೆ ಅಂತ ಒಂದಿಷ್ಟು ಶೇಕಡಾ ಇನ್ನೂ ಉಳಿದಿದ್ದರೆ ಅದೇ ಖರ್ಚು ಎರಡು ಸಲ ಬೀಳುತ್ತದೆ. ಹೀಗಾದಾಗ ತಿಂಗಳ ಕೊನೆಯಲ್ಲಿ ಕ್ವಾಲಿಟಿ ಕಾಸ್ಟ್ ಸೆಂಟರ್ ಉತ್ಪಾದನೆ ಜಾಸ್ತಿಯಾಗದಿದ್ದರೂ ಮೈನಸ್‌ನಲ್ಲಿ ನಿಂತಿರುತ್ತದೆ.

ಎಸ್‌ಎಪಿ ಇಲ್ಲದೆ ಇಆರ್‌ಪಿನೆಕ್ಸ್ಟ್ ಇಟ್ಟುಕೊಂಡವರಿಗೂ ದಾರಿ ಇದೆ. ಅಲ್ಲಿ ವರ್ಕ್‌ಸ್ಟೇಶನ್‌ಗೆ ಗಂಟೆಯ ರೇಟ್ ಕೊಡಬಹುದು, ಬಿಒಎಮ್‌ನ ಆಪರೇಶನ್‌ನಲ್ಲಿ Fixed Time ಅಂತ ಟಿಕ್ ಹಾಕಿದರೆ ಆ ಸಮಯ ಪೀಸಿನಿಂದ ಗುಣಿಸುವುದಿಲ್ಲ. ಸೆಟ್ಟಿಂಗ್‌ಗೆ ಬೇರೆ ಆಪರೇಶನ್ ಮಾಡಿ ಆ ಟಿಕ್ ಹಾಕಿ. ಅಲ್ಲಿ ಲಾಟ್ ಸೈಜಿನ ಜಾಗದಲ್ಲಿ ಕೂರುವುದು ಬಿಒಎಮ್‌ನ ಕ್ವಾಂಟಿಟಿ, ಅದನ್ನು 1 ಅಂತ ಬಿಡಬೇಡಿ.

## ತಿಂಗಳ ಕೊನೆ

ಪ್ಲ್ಯಾನ್ ಎಷ್ಟೇ ಚೆನ್ನಾಗಿದ್ದರೂ ಶೆಡ್ಡಿನಿಂದ ನಿಜವಾದ ಗಂಟೆ ಬರದಿದ್ದರೆ ಪ್ರಯೋಜನ ಇಲ್ಲ. `CO11N`ರಲ್ಲಿ ಕನ್ಫರ್ಮೇಶನ್ ಹಾಕುವಾಗ ಸಿಸ್ಟಮ್ ರೌಟಿಂಗ್‌ನ ಗಂಟೆಯನ್ನೇ ಮುಂದೆ ಇಡುತ್ತದೆ. ಶಿಫ್ಟ್ ಮುಗಿಯುವ ಅವಸರದಲ್ಲಿ ಆಪರೇಟರ್ ಎಂಟರ್ ಒತ್ತಿ ಹೋಗುತ್ತಾರೆ. ಗುರುತಿಸುವುದು ಸುಲಭ: ತಿಂಗಳ ಆರ್ಡರ್‌ಗಳಲ್ಲಿ ಸೆಟ್ಟಿಂಗ್‌ನ ನಿಜದ ಗಂಟೆ ಮತ್ತು ಸ್ಟ್ಯಾಂಡರ್ಡ್ ಗಂಟೆ ಪಕ್ಕಪಕ್ಕ ಇಟ್ಟು ನೋಡಿ. ಎಲ್ಲಾ ಕಡೆ 5.0 ಮತ್ತು 5.0 ಇದ್ದರೆ ಯಾರೂ ಏನನ್ನೂ ಅಳೆಯುತ್ತಿಲ್ಲ. ನಿಜವಾದ ಶೆಡ್ಡಿನಲ್ಲಿ 4.2 ಇರುತ್ತದೆ, 6.5 ಇರುತ್ತದೆ, ಒಂದು ದಿನ 9 ಕೂಡ ಇರುತ್ತದೆ.

ಕ್ರಮ ಹೀಗೆ. ಡಿಪ್ರಿಸಿಯೇಶನ್ ಓಟ `AFAB`, ಸಂಬಳ, ಕರೆಂಟ್ ಬಿಲ್ಲಿನ ಪ್ರಾವಿಷನ್, ಇವೆಲ್ಲ ಮೊದಲು ಕೂರಲಿ. ನಂತರ ಕರೆಂಟ್, ಕ್ಯಾಂಟೀನ್‌ನಂಥ ಸಾಮಾನ್ಯ ಖರ್ಚನ್ನು `KSV5`ರಲ್ಲಿ ಡಿಸ್ಟ್ರಿಬ್ಯೂಶನ್, ಇಲ್ಲಾಂದರೆ `KSU5`ರಲ್ಲಿ ಅಸೆಸ್‌ಮೆಂಟ್. ಡಿಸ್ಟ್ರಿಬ್ಯೂಶನ್‌ನಲ್ಲಿ ಕರೆಂಟ್ ಕರೆಂಟ್ ಆಗಿಯೇ ಹೋಗಿ ಕೂರುತ್ತದೆ, ಅಸೆಸ್‌ಮೆಂಟ್‌ನಲ್ಲಿ ಎಲ್ಲಾ ಸೇರಿ ಒಂದೇ ಸಾಲು. ಕರೆಂಟ್‌ಗೆ ನಾನು ಯಾವಾಗಲೂ ಡಿಸ್ಟ್ರಿಬ್ಯೂಶನ್ ಬಳಸುತ್ತೇನೆ. ಹಂಚುವ ಆಧಾರ, ಉದಾಹರಣೆಗೆ ಮೀಟರ್ ಯೂನಿಟ್, `KB31N`ರಲ್ಲಿ ಹಾಕಬೇಕು. ಆ ಕೀ ಫಿಗರ್ ಮಾಡುವಾಗ ಚದರಡಿಯಂಥದ್ದನ್ನು ಫಿಕ್ಸೆಡ್ ಅಂತ ಇಡಿ, ಮುಂದಿನ ತಿಂಗಳುಗಳಿಗೆ ಅದು ತಾನೇ ಹೋಗುತ್ತದೆ. ಮೀಟರ್ ಯೂನಿಟ್‌ನಂಥದ್ದನ್ನು ಟೋಟಲ್ ಅಂತ ಇಡಿ, ಅದು ಹಾಕಿದ ತಿಂಗಳಿಗೆ ಮಾತ್ರ. ಮೀಟರನ್ನು ತಪ್ಪಿ ಫಿಕ್ಸೆಡ್ ಮಾಡಿದರೆ ಎರರ್ ಬರುವುದಿಲ್ಲ, ಏಪ್ರಿಲ್‌ನ ಯೂನಿಟ್ ಮೇಲೆ ಮೇ ತಿಂಗಳ ಬಿಲ್ಲು ಹಂಚಿ ಹೋಗುತ್ತದೆ. ಅದಾದ ಮೇಲೆ ಆರ್ಡರ್‌ಗಳ ಓವರ್‌ಹೆಡ್ `CO43`, ಅರ್ಧ ಮುಗಿದ ಕೆಲಸ `KKAO`, ವೇರಿಯನ್ಸ್ `KKS1`, ಕೊನೆಗೆ ಸೆಟ್ಲ್‌ಮೆಂಟ್ `CO88`.

ಎಲ್ಲಾ ಮುಗಿದ ಮೇಲೆ ಕಾಸ್ಟ್ ಸೆಂಟರ್‌ನಲ್ಲಿ ಏನೋ ಒಂದು ಉಳಿದಿರುತ್ತದೆ. ಅದನ್ನು ಸೊನ್ನೆ ಮಾಡಲೇಬೇಕು ಅನ್ನುವ ಹಟ ನಮ್ಮವರಲ್ಲಿ ಜಾಸ್ತಿ, ಅದು ತಪ್ಪು. ಒಂದು ತ್ರೈಮಾಸಿಕ ನೋಡೋಣ. ನಾರ್ಮಲ್ 5,000 ಮಷೀನ್ ಗಂಟೆ, ಓಡಿದ್ದು 4,000. ಫಿಕ್ಸೆಡ್ ಖರ್ಚು 12.5 ಲಕ್ಷ ಆಗಿದೆ, 250ರ ದರದಲ್ಲಿ ಪೀಸ್‌ಗಳ ಮೇಲೆ ಬಿದ್ದದ್ದು 10 ಲಕ್ಷ. ಉಳಿದ 2.5 ಲಕ್ಷ ಮಷೀನ್ ಖಾಲಿ ನಿಂತ ಖರ್ಚು. ಇದು ಆ ಅವಧಿಯ ಲಾಭನಷ್ಟಕ್ಕೆ ನೇರವಾಗಿ ಹೋಗಬೇಕು, `KEU5`ರಲ್ಲಿ ಲಾಭದ ವಿಶ್ಲೇಷಣೆಗೆ ಬೇರೆ ಸಾಲಾಗಿ ಕಳಿಸಬಹುದು. ಇದರ ಬದಲು `KSII` ಓಡಿಸಿ ನಿಜದ ರೇಟ್ 312.50 ಅಂತ ತೆಗೆದು ಆರ್ಡರ್‌ಗಳನ್ನು `CON2`ರಲ್ಲಿ ಮರುಮೌಲ್ಯ ಮಾಡಿದರೆ ಕಾಸ್ಟ್ ಸೆಂಟರ್ ಸೊನ್ನೆಯಾಗುತ್ತದೆ. ಆದರೆ ಮೆಟೀರಿಯಲ್ ಲೆಡ್ಜರ್‌ನಲ್ಲಿ ಆಕ್ಚುವಲ್ ಕಾಸ್ಟಿಂಗ್ ಇರುವ ಕಡೆ ಆ 2.5 ಲಕ್ಷ ಮಾಲಿನ ಬೆಲೆಯೊಳಗೆ ಸೇರುತ್ತದೆ. ತಯಾರಾದ ಮಾಲಿನಲ್ಲಿ ಅರ್ಧ ಮಾರಾಟವಾಗದೆ ಉಳಿದಿದ್ದರೆ 1.25 ಲಕ್ಷ ಸ್ಟಾಕ್‌ನಲ್ಲಿ ಕೂತು ಲಾಭ ಅಷ್ಟು ಜಾಸ್ತಿ ಕಾಣುತ್ತದೆ, ಆಡಿಟರ್ ಅದನ್ನು ಒಪ್ಪುವುದಿಲ್ಲ. ನಾರ್ಮಲ್‌ಗಿಂತ ತೀರಾ ಜಾಸ್ತಿ ಓಡಿದ ವರ್ಷ ಮಾತ್ರ ಬೇರೆ ನಿಯಮ: ಆಗ ಪೀಸಿನ ಫಿಕ್ಸೆಡ್ ಖರ್ಚನ್ನು ಇಳಿಸಬೇಕು, ಇಲ್ಲದಿದ್ದರೆ ಸ್ಟಾಕ್ ನಿಜದ ಖರ್ಚಿಗಿಂತ ಮೇಲೆ ಹೋಗುತ್ತದೆ.

## ಅಂಕಿ ಬಂದ ಮೇಲೆ

ಕಪ್ಲಿಂಗ್‌ಗೆ 1,680 ಅಂತ ತೋರಿಸಿದ ಕೂಡಲೇ ಮೀಟಿಂಗ್‌ನಲ್ಲಿ ಬರುವ ಮೊದಲ ಮಾತು "ಹಾಗಾದ್ರೆ ಕಪ್ಲಿಂಗ್ ನಿಲ್ಸೋಣ" ಅಂತ. ತಡೆಯಿರಿ. ಆ 1,680ರಲ್ಲಿ ಹೆಚ್ಚಿನದು ಸಂಬಳ ಮತ್ತು ಡಿಪ್ರಿಸಿಯೇಶನ್, ಕಪ್ಲಿಂಗ್ ನಿಂತ ದಿನ ಅದು ನಿಲ್ಲುವುದಿಲ್ಲ, ಶಾಫ್ಟ್ ಮತ್ತು ವಾಲ್ವ್ ಬಾಡಿಯ ತಲೆಗೆ ಬರುತ್ತದೆ. ಮೊದಲು ಲಾಟ್ ನೋಡಿ. ಗ್ರಾಹಕರ ಜೊತೆ ಮಾತಾಡಿ ಹತ್ತರ ಲಾಟನ್ನು ಇಪ್ಪತ್ತು ಮಾಡಿದರೆ ಲಾಟ್ 200ರಿಂದ 100ಕ್ಕೆ ಇಳಿಯುತ್ತದೆ, ಪೀಸಿಗೆ ಸೆಟ್ಟಿಂಗ್ 750ರಿಂದ 375. ಹೊಸ ಲಾಟ್‌ಗೆ ತಕ್ಕಂತೆ Costing Lot Size ಕೂಡ 20 ಮಾಡಿ, ಮರೆಯಬೇಡಿ.

ಆದರೆ ಅದರಿಂದ 7.5 ಲಕ್ಷ ಉಳಿಯಿತು ಅಂತ ಯಾರಿಗೂ ಹೇಳಬೇಡಿ. ಉಳಿದದ್ದು ಸೆಟ್ಟರ್‌ಗಳ 500 ಗಂಟೆ. ಮುಂದಿನ ವರ್ಷದ `KP26`ರಲ್ಲಿ ಸೆಟ್ಟಿಂಗ್ ಕಾಸ್ಟ್ ಸೆಂಟರ್‌ನ ಕೆಪಾಸಿಟಿ ಕಾಲಂ 1,600 ಅಂತಲೇ ಇರಲಿ, ಅದನ್ನು 1,100 ಮಾಡಿದರೆ ರೇಟ್ 1,500ರಿಂದ ಸುಮಾರು 2,180ಕ್ಕೆ ಹಾರಿ ಉಳಿತಾಯ ಕಣ್ಣಿಗೆ ಕಾಣದಂತೆ ಮಾಯವಾಗುತ್ತದೆ. 1,600 ಇಟ್ಟರೆ ಆ 7.5 ಲಕ್ಷ ಸೆಟ್ಟಿಂಗ್ ಕಾಸ್ಟ್ ಸೆಂಟರ್‌ನಲ್ಲಿ ಹೊರಿಸದೆ ಉಳಿದ ಖರ್ಚಾಗಿ ಪ್ರತಿ ತಿಂಗಳೂ ಕಾಣುತ್ತಿರುತ್ತದೆ. ಆ ಸಾಲನ್ನು ಪ್ರಿಂಟ್ ತೆಗೆದು ಪ್ಲ್ಯಾನಿಂಗ್‌ನವರ ಮೇಜಿನ ಮೇಲೆ ಇಡಿ, ಆ ಗಂಟೆಗಳಿಗೆ ಹೊಸ ಆರ್ಡರ್ ಹುಡುಕಬೇಕೇ, ಸೆಟ್ಟರ್ ಒಬ್ಬರನ್ನು ಬೇರೆ ಸೆಕ್ಷನ್‌ಗೆ ಕೊಡಬೇಕೇ ಅಂತ ಅವರ ಜೊತೆ ಕೂತು ತೀರ್ಮಾನ ಮಾಡಿ.